ನೀರಿನ ಮಿತಬಳಕೆಯ ಜಾಗೃತಿ ಚಿತ್ರ: ಸ್ಟೋರಿಬೋರ್ಡನ್ನು ಸದಸ್ಯರು ಪರಿಶೀಲಿಸುವ ಬಗೆ



ಕುಡಿಯುವ ನೀರಿನ ಮಿತಬಳಕೆಯನ್ನು ಕುರಿತು ಇಲಾಖೆಯ ವತಿಯಿಂದ ಕಿರುಚಿತ್ರ ತಯಾರಿಸುವಾಗ ಚಿತ್ರೀಕರಣಕ್ಕೆ ಮೊದಲು ಒಂದು ಸ್ಟೋರಿಬೋರ್ಡ್ ಸಿದ್ಧವಾಗುತ್ತದೆ. ಚಿತ್ರೀಕರಣ ನಡೆಯುವ ಗ್ರಾಮ ಪಂಚಾಯಿತಿಯ ಅಭಿಪ್ರಾಯಕ್ಕಾಗಿ ಅದು ಸದಸ್ಯರ ಮುಂದೆ ಬರುವುದುಂಟು. ಆಗ ಸಾಮಾನ್ಯವಾಗಿ ನಾವು ಹಾಳೆಗಳನ್ನು ಮಗುಚಿ, "ಚೆನ್ನಾಗಿದೆ" ಎಂದು ಹೇಳಿ ಸಹಿ ಮಾಡಿಬಿಡುತ್ತೇವೆ. ನಾನೂ ಒಮ್ಮೆ ಹಾಗೆಯೇ ಮಾಡಿದ್ದೆ. ಆ ತಪ್ಪನ್ನು ನಮ್ಮ ಪಂಚಾಯಿತಿಯ ಸದಸ್ಯರು ಸಕಾಲದಲ್ಲಿ ಹಿಡಿದರು. ಅದನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ಸ್ಟೋರಿಬೋರ್ಡ್ ಎಂದರೇನು, ಅದರಲ್ಲಿ ಏನನ್ನು ನೋಡಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಸ್ಟೋರಿಬೋರ್ಡ್ ಎಂದರೇನು

ಚಿತ್ರದ ಪ್ರತಿಯೊಂದು ದೃಶ್ಯವನ್ನು ಒಂದೊಂದು ಚೌಕದಲ್ಲಿ ಬರೆದು, ಕ್ರಮವಾಗಿ ಜೋಡಿಸಿದ ಹಾಳೆಯೇ ಸ್ಟೋರಿಬೋರ್ಡ್. ಒಂದೊಂದು ಚೌಕದ ಕೆಳಗೆ ನಾಲ್ಕು ವಿಷಯಗಳಿರಬೇಕು: ಕ್ಯಾಮೆರಾ ದೂರದಿಂದ ನೋಡುತ್ತದೆಯೋ ಸಮೀಪದಿಂದಲೋ, ದೃಶ್ಯದಲ್ಲಿ ಏನು ನಡೆಯುತ್ತದೆ, ಯಾವ ಮಾತು ಅಥವಾ ಸದ್ದು ಕೇಳಿಸುತ್ತದೆ, ಅದು ಎಷ್ಟು ಸೆಕೆಂಡು ಇರುತ್ತದೆ. ಚಿತ್ರ ಅಂದವಾಗಿರಬೇಕಾಗಿಲ್ಲ, ಕಡ್ಡಿಗೊಂಬೆಗಳಿದ್ದರೂ ಸಾಕು. ಸತ್ಯಜಿತ್ ರಾಯ್ ಅವರು 1955ರಲ್ಲಿ ತೆರೆಕಂಡ 'ಪಥೇರ್ ಪಾಂಚಾಲಿ'ಯನ್ನು ಹೀಗೆಯೇ ಮೊದಲು ರೇಖಾಚಿತ್ರಗಳಲ್ಲಿ ಬಿಡಿಸಿಕೊಂಡು, ಬಳಿಕ ಚಿತ್ರೀಕರಿಸಿದರು.

ಕಟ್ಟಡಕ್ಕೆ ನಕ್ಷೆ ಹೇಗೋ ಚಿತ್ರಕ್ಕೆ ಸ್ಟೋರಿಬೋರ್ಡ್ ಹಾಗೆ. ನಕ್ಷೆಯಲ್ಲಿ ಬಾಗಿಲನ್ನು ಜರುಗಿಸಲು ರಬ್ಬರು ಸಾಕು. ಗೋಡೆ ಎದ್ದ ಮೇಲೆ ಅದನ್ನು ಒಡೆಯಬೇಕಾಗುತ್ತದೆ. ಚೌಕವೊಂದನ್ನು ತೆಗೆದು ಬೇರೆ ಕಡೆ ಇಡಲು ಖರ್ಚಿಲ್ಲ. ಚಿತ್ರೀಕರಣ ಮುಗಿದ ಮೇಲೆ ಅದೇ ಬದಲಾವಣೆಗೆ ತಂಡವನ್ನು ಮತ್ತೆ ಗ್ರಾಮಕ್ಕೆ ಕರೆಸಬೇಕು. ಆದುದರಿಂದ ಆಕ್ಷೇಪಣೆಯನ್ನು ಹೇಳಲು ತಕ್ಕ ಸಮಯ ಇದೇ.

ಮೊದಲ ಕರಡು ಮತ್ತು ಅದರ ದೋಷ

ನಮ್ಮಲ್ಲಿಗೆ ಬಂದ ಮೊದಲ ಕರಡು 90 ಸೆಕೆಂಡಿನ ಚಿತ್ರದ್ದು. ಬಿರುಕುಬಿಟ್ಟ ಕೆರೆಯಂಗಳ, ಖಾಲಿ ಕೊಡ ಹೊತ್ತ ಮಹಿಳೆ, ಅಳುವ ಮಗು, ಬಳಿಕ ಮಳೆನೀರು ಸಂಗ್ರಹ, ಹನಿ ನೀರಾವರಿ, ಗಿಡ ನೆಡುವುದು, ನಲ್ಲಿ ಮುಚ್ಚುವುದು, ಕೊನೆಗೆ "ನೀರು ಉಳಿಸಿ" ಎಂಬ ಘೋಷಣೆ. ನನಗೆ ಇದು ಒಪ್ಪಿಗೆಯಾಗಿತ್ತು. ಸಾಮಾನ್ಯ ಸಭೆಯಲ್ಲಿ ಹಾಳೆಗಳನ್ನು ಹಂಚಿದಾಗ ಹಿರಿಯ ಸದಸ್ಯರೊಬ್ಬರು, "ಸಾರ್, ಇದು ನೋಡಿ ಮನೆಗೆ ಹೋದವನು ಬೆಳಗ್ಗೆ ಎದ್ದು ಏನು ಮಾಡಬೇಕು?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಇದು ಮೊದಲನೆಯ ಪರೀಕ್ಷೆ. ಚಿತ್ರವನ್ನು ನೋಡಿದ ಯಾವ ವ್ಯಕ್ತಿ ಯಾವ ಕೆಲಸವನ್ನು ಬೇರೆ ರೀತಿ ಮಾಡಬೇಕು ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಲು ಸಾಧ್ಯವಾಗಬೇಕು. ಆಗದಿದ್ದರೆ ಸ್ಟೋರಿಬೋರ್ಡ್ ಇನ್ನೂ ಸಿದ್ಧವಾಗಿಲ್ಲವೆಂದು ತಿಳಿಯಬೇಕು. ಒಂದೂವರೆ ನಿಮಿಷದಲ್ಲಿ ಒಂದು ಕೆಲಸವನ್ನು ಮನದಟ್ಟು ಮಾಡಬಹುದು. ನಾಲ್ಕನ್ನು ಹೇಳಿದರೆ ಒಂದೂ ಉಳಿಯುವುದಿಲ್ಲ. ಬಿರುಕುಬಿಟ್ಟ ನೆಲದ ಚಿತ್ರಕ್ಕೂ ಇದೇ ತೊಂದರೆ. ವಾರಕ್ಕೆ ನಾಲ್ಕು ದಿನ ನೀರು ಬರುವ ಊರಿನವರು ಅದನ್ನು ಕಂಡಾಗ ಅದು ಬೇರೆ ಯಾರದೋ ಕಷ್ಟವೆಂದು ಭಾವಿಸುತ್ತಾರೆ.

ಆ ಸಭೆಯಲ್ಲಿಯೇ ನಮ್ಮ ವಾಕ್ಯ ನಿರ್ಧಾರವಾಯಿತು: "ಮನೆಯ ಕೊಳಾಯಿಯ ಬಾಯಿಗೆ ನಲ್ಲಿ ಹಾಕಿಸಿ, ಕೊಡ ತುಂಬಿದ ಕೂಡಲೇ ಮುಚ್ಚಬೇಕು." ನಮ್ಮ ಗ್ರಾಮದಲ್ಲಿ ಪ್ರತಿ ಮನೆಗೂ ಸಂಪರ್ಕವಿದೆ. ಆದರೆ ಹಲವು ಕಡೆ ನಲ್ಲಿಯಿಲ್ಲದೆ ಪೈಪಿನ ಬಾಯಿ ತೆರೆದೇ ಇರುತ್ತದೆ. ಪೈಪ್‌ಲೈನಿನ ಕೊನೆಯಲ್ಲಿ, ಎತ್ತರದ ಜಾಗದಲ್ಲಿರುವ ಮನೆಗಳಿಗೆ ನೀರು ಏರುವುದಿಲ್ಲ ಎಂಬ ದೂರು ಅಲ್ಲಿಂದಲೇ ಹುಟ್ಟಿದ್ದು.

ತೋರಿಸಬೇಕಾದ ಸಂಗತಿಯನ್ನು ಮೊದಲು ಅಳೆಯಬೇಕು

ಸ್ಟೋರಿಬೋರ್ಡಿನಲ್ಲಿ ಬರುವ ಅಂಕಿಅಂಶ ಗ್ರಾಮದಲ್ಲಿಯೇ ಅಳೆದದ್ದಾಗಿದ್ದರೆ ಜನರು ನಂಬುತ್ತಾರೆ. ನಾವು ನೀರುಗಂಟಿಯವರೊಂದಿಗೆ ಒಂದು ತೆರೆದ ಕೊಳಾಯಿಯ ಬಳಿ ನಿಂತು, 15 ಲೀಟರಿನ ಕೊಡ ತುಂಬುವ ಸಮಯವನ್ನು ಮೊಬೈಲಿನಲ್ಲಿ ನೋಡಿದೆವು. 75 ಸೆಕೆಂಡು ಹಿಡಿಯಿತು. ಅಂದರೆ ನಿಮಿಷಕ್ಕೆ 12 ಲೀಟರ್. ಮನೆಯವರು ಪಾತ್ರೆಗಳನ್ನೆಲ್ಲ ತುಂಬಿಸಿದ ನಂತರವೂ ನೀರು ಅರ್ಧ ಗಂಟೆ ಹರಿದರೆ 360 ಲೀಟರ್ ಚರಂಡಿಗೆ ಸೇರುತ್ತದೆ. ಜಲ ಜೀವನ್ ಮಿಷನ್ ಅಡಿಯಲ್ಲಿ, ನಮ್ಮ ರಾಜ್ಯದ 'ಮನೆ ಮನೆಗೆ ಗಂಗೆ' ಯೋಜನೆಯಲ್ಲಿ, ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್ ಎಂಬ ಪ್ರಮಾಣವಿದೆ. ಐದು ಜನರ ಕುಟುಂಬಕ್ಕೆ 275 ಲೀಟರ್. ಒಂದು ಮನೆಯ ಅಂಗಳದಿಂದ ಅರ್ಧ ಗಂಟೆಯಲ್ಲಿ ಹರಿದುಹೋದ ನೀರು ಇನ್ನೊಂದು ಮನೆಯ ಇಡೀ ದಿನದ ಪಾಲಿಗಿಂತ ಹೆಚ್ಚು.

ಇಷ್ಟೇ ಆಗಿದ್ದರೆ ಅದು ಪೋಲಿನ ಲೆಕ್ಕ ಮಾತ್ರ. ತೆರೆದ ಬಾಯಿ ನೀರನ್ನು ಮಾತ್ರವಲ್ಲದೆ ಒತ್ತಡವನ್ನೂ ಕಳೆಯುತ್ತದೆ. ಪೈಪಿನಲ್ಲಿ ಹರಿವು ಹೆಚ್ಚಿದಂತೆ ಒಳಗೋಡೆಯ ಘರ್ಷಣೆಯಿಂದಾಗುವ ಒತ್ತಡದ ನಷ್ಟ ಅದಕ್ಕಿಂತ ವೇಗವಾಗಿ ಏರುತ್ತದೆ. ಹರಿವು ಎರಡು ಪಟ್ಟಾದರೆ ನಷ್ಟ ಸುಮಾರು ನಾಲ್ಕು ಪಟ್ಟಾಗುತ್ತದೆ. ಟ್ಯಾಂಕಿನ ನೀರಿನ ಮಟ್ಟ ಕೊನೆಯ ಮನೆಯ ನಲ್ಲಿಗಿಂತ 9 ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. ಸಾಮಾನ್ಯ ಹರಿವಿನಲ್ಲಿ 2 ಮೀಟರಿನಷ್ಟು ನಷ್ಟವಾದರೆ ಆ ನಲ್ಲಿಯಲ್ಲಿ 7 ಮೀಟರ್ ಒತ್ತಡ ಉಳಿಯುತ್ತದೆ. ತೆರೆದ ಬಾಯಿಗಳಿಂದ ಹರಿವು ಇಮ್ಮಡಿಯಾದರೆ ನಷ್ಟ ಸುಮಾರು 8 ಮೀಟರ್ ಆಗಿ, ಉಳಿಯುವುದು 1 ಮೀಟರ್ ಮಾತ್ರ. ಟ್ಯಾಂಕು ತುಂಬಿದ್ದರೂ ಕೊನೆಯ ಮನೆಯಲ್ಲಿ ನೀರು ತೊಟ್ಟಿಕ್ಕುವುದಕ್ಕೆ ಕಾರಣ ಇದು. ಈ ಸಂಬಂಧವನ್ನು ಕಣ್ಣಿಗೆ ಕಾಣಿಸುವುದೇ ನಮ್ಮ ಚಿತ್ರದ ಮುಖ್ಯ ಕೆಲಸವಾಯಿತು.

ಹತ್ತು ಚೌಕಗಳು

ತಿದ್ದಿದ ಸ್ಟೋರಿಬೋರ್ಡಿನ ಸಾರಾಂಶ ಹೀಗಿದೆ:

1. ಮುಂಜಾನೆ, ದೂರದ ನೋಟ. ಟ್ಯಾಂಕಿನ ಕೆಳಗೆ ನೀರುಗಂಟಿ ಬರುತ್ತಾರೆ. ಪಕ್ಕದ ಗೋಡೆಯ ಮೇಲೆ ನೀರು ಬಿಡುವ ವೇಳೆಯ ಫಲಕ. 6 ಸೆಕೆಂಡು.
2. ಸಮೀಪದ ನೋಟ. ವಾಲ್ವ್ ತಿರುಗಿಸುವ ಕೈ. ಪೈಪಿನಲ್ಲಿ ನೀರು ನುಗ್ಗುವ ಸದ್ದು. 4 ಸೆಕೆಂಡು.
3. ಮೊದಲ ಮನೆಯ ಅಂಗಳ. ಕೊಡ ತುಂಬುತ್ತದೆ. ಮನೆಯಾತ ಕೊಡವನ್ನೆತ್ತಿ ಒಳಗೆ ಹೋಗುತ್ತಾನೆ. ನೀರು ಹರಿಯುತ್ತಲೇ ಇದೆ. 12 ಸೆಕೆಂಡು.
4. ಸಮೀಪದ ನೋಟ. ನಲ್ಲಿಯಿಲ್ಲದ ಪೈಪಿನ ಬಾಯಿ. 8 ಸೆಕೆಂಡು.
5. ಚರಂಡಿಯಲ್ಲಿ ಹರಿಯುವ ನೀರನ್ನು ಕ್ಯಾಮೆರಾ ಹಿಂಬಾಲಿಸುತ್ತದೆ. 10 ಸೆಕೆಂಡು.
6. ಕೊನೆಯ ಮನೆ. ಅಜ್ಜಿಯೊಬ್ಬರು ಕೊಡವಿಟ್ಟು ಕುಳಿತಿದ್ದಾರೆ. ನಲ್ಲಿಯಿಂದ ಹನಿಹನಿಯಾಗಿ ನೀರು. 10 ಸೆಕೆಂಡು.
7. ಅಗೆದ ಕಾಲುವೆಯಲ್ಲಿ ಕಾಣುವ ಪೈಪು. ಅದೇ ಪೈಪು ರೇಖಾಚಿತ್ರವಾಗಿ ಬದಲಾಗುತ್ತದೆ. ಟ್ಯಾಂಕಿನಿಂದ ಹೊರಟ ನೀಲಿ ಬಣ್ಣ ತೆರೆದ ಬಾಯಿಯಲ್ಲಿ ಹೊರಬಿದ್ದು, ಮುಂದೆ ಕ್ಷೀಣವಾಗುತ್ತದೆ. 14 ಸೆಕೆಂಡು.
8. ಮೊದಲ ಮನೆ. ಆತನೇ ಪೈಪಿನ ಬಾಯಿಗೆ ಟೇಪ್ ಸುತ್ತಿ, ನಲ್ಲಿ ತಿರುಗಿಸಿ ಕೂರಿಸಿ, ಮುಚ್ಚುತ್ತಾನೆ. 12 ಸೆಕೆಂಡು.
9. ಕೊನೆಯ ಮನೆ. ಧಾರೆ ದಪ್ಪವಾಗುತ್ತದೆ. ಅಜ್ಜಿ ಏಳುತ್ತಾರೆ. 8 ಸೆಕೆಂಡು.
10. ಬರಹ: ಮಾಡಬೇಕಾದ ಕೆಲಸ ಮತ್ತು ಪಂಚಾಯಿತಿಯ ದೂರವಾಣಿ ಸಂಖ್ಯೆ. 6 ಸೆಕೆಂಡು.

ಒಟ್ಟು 90 ಸೆಕೆಂಡು. ಎಂಟನೆಯ ಚೌಕ ಅತಿ ಮುಖ್ಯವಾದುದು. ಮಾಡಬೇಕಾದ ಕೆಲಸವನ್ನು ಮಾತಿನಲ್ಲಿ ಹೇಳಿ ಮುಗಿಸದೆ, ಕೈಗಳು ಅದನ್ನು ಮಾಡುವುದನ್ನು ಪೂರ್ತಿಯಾಗಿ ತೋರಿಸಬೇಕು. ಮೊದಲ ಕರಡಿನಲ್ಲಿ ಇದಕ್ಕೆ 3 ಸೆಕೆಂಡು ಮಾತ್ರ ಇತ್ತು.

ಐದನೆಯ ಚೌಕದಿಂದ ಏಳನೆಯದಕ್ಕೆ ಹೋಗುವಾಗ ಒಂದು ನಿಯಮವನ್ನು ಪಾಲಿಸಬೇಕು. ಟ್ಯಾಂಕು ಪರದೆಯ ಎಡಕ್ಕೂ ಕೊನೆಯ ಮನೆ ಬಲಕ್ಕೂ ಇದೆ ಎಂದು ಒಮ್ಮೆ ತೋರಿಸಿದ ಮೇಲೆ ನೀರು ಎಲ್ಲ ಚೌಕಗಳಲ್ಲಿಯೂ ಎಡದಿಂದ ಬಲಕ್ಕೆ ಹರಿಯಬೇಕು. ಕ್ಯಾಮೆರಾ ಬೀದಿಯ ಆಚೆ ಬದಿಗೆ ಹೋಗಿ ನಿಂತರೆ ಅದೇ ನೀರು ಬಲದಿಂದ ಎಡಕ್ಕೆ ಹರಿದಂತೆ ಕಂಡು, ಟ್ಯಾಂಕಿಗೆ ಹಿಂದಿರುಗುತ್ತಿದೆ ಎಂಬ ಭ್ರಮೆ ಹುಟ್ಟುತ್ತದೆ. ಪ್ರತಿ ಚೌಕದಲ್ಲಿ ಒಂದು ಬಾಣದ ಗುರುತು ಹಾಕಿಸಿದರೆ ಈ ತಪ್ಪು ಹಾಳೆಯ ಮೇಲೆಯೇ ಸಿಕ್ಕಿಬೀಳುತ್ತದೆ.

ಮಾತಿನ ಅಳತೆ

ಮೊದಲ ಕರಡಿನ ನಿರೂಪಣೆಯಲ್ಲಿ ಸುಮಾರು 210 ಪದಗಳಿದ್ದವು. ಅದನ್ನು ನಮ್ಮ ಕಚೇರಿಯ ಗ್ರಂಥಪಾಲಕರು ನಿಧಾನವಾಗಿ, ಸ್ಪಷ್ಟವಾಗಿ ಓದಿದಾಗ 2 ನಿಮಿಷ 10 ಸೆಕೆಂಡು ಆಯಿತು. 90 ಸೆಕೆಂಡಿನ ಚಿತ್ರದಲ್ಲಿ ಅದನ್ನು ತುರುಕಬೇಕಾದರೆ ಓಡಿಸಿ ಓದಬೇಕು. ಆಗ ಹಿರಿಯರಿಗೆ ಏನೂ ತಿಳಿಯುವುದಿಲ್ಲ. ಕನ್ನಡದ ಪದಗಳು ವಿಭಕ್ತಿ, ಪ್ರತ್ಯಯಗಳನ್ನು ಸೇರಿಸಿಕೊಂಡು ಉದ್ದವಾಗಿರುತ್ತವೆ. ಆದುದರಿಂದ ಪದಗಳನ್ನು ಎಣಿಸುವುದಕ್ಕಿಂತ, ಗಡಿಯಾರ ಹಿಡಿದು ಗಟ್ಟಿಯಾಗಿ ಓದಿ ನೋಡುವುದೇ ಸರಿಯಾದ ಕ್ರಮ.

ಕೊನೆಗೆ ಉಳಿಸಿಕೊಂಡದ್ದು ಸುಮಾರು 95 ಪದಗಳು. ಅವು ಒಂದು ನಿಮಿಷದೊಳಗೆ ಮುಗಿಯುತ್ತವೆ. ಉಳಿದ ಅರ್ಧ ನಿಮಿಷ ನೀರಿನ ಸದ್ದು ಮತ್ತು ಮೌನ. ಆರನೆಯ ಚೌಕದಲ್ಲಿ ಮಾತೇ ಇಲ್ಲ. ಖಾಲಿ ಕೊಡದೊಳಗೆ ಬೀಳುವ ಹನಿಯ ಸದ್ದು ಮಾತ್ರ. ಏಳನೆಯ ಚೌಕದ ಮಾತು ಹೀಗಿದೆ: "ನಲ್ಲಿಯಿಲ್ಲದ ಬಾಯಿಯಲ್ಲಿ ನೀರು ಸುಲಭವಾಗಿ ಹೊರಗೆ ಹೋಗುತ್ತದೆ. ಮುಂದಿನ ಮನೆಗಳಿಗೆ ಏರಬೇಕಾದ ಒತ್ತಡ ಅಲ್ಲಿಯೇ ಮುಗಿಯುತ್ತದೆ." ಮೀಟರುಗಳ ಲೆಕ್ಕವನ್ನು ಬಿಟ್ಟಿದ್ದೇವೆ. ಅದು ನಮಗೆ ಬೇಕು, ನೋಡುಗರಿಗೆ ಬೇಡ.

ಮಾತಿಲ್ಲದೆ ತೋರಿಸಿ ನೋಡುವುದು

ಇಂತಹ ಚಿತ್ರವನ್ನು ಹೆಚ್ಚಿನ ಜನರು ನೋಡುವುದು ಮೊಬೈಲಿನಲ್ಲಿ, ಹಲವು ಬಾರಿ ಸದ್ದಿಲ್ಲದೆ. ಆದುದರಿಂದ ಚೌಕಗಳ ಕೆಳಗಿನ ಬರಹವನ್ನು ಮುಚ್ಚಿ, ಚಿತ್ರಗಳನ್ನು ಮಾತ್ರ ಐದಾರು ಜನರಿಗೆ ತೋರಿಸಿ, "ಇದರಲ್ಲಿ ಏನಾಗುತ್ತಿದೆ, ಹೇಳಿ" ಎಂದು ಕೇಳಬೇಕು. ನಾವು ಏನನ್ನೂ ವಿವರಿಸಬಾರದು. ಸಭೆಯಲ್ಲಿ ಇಲ್ಲದಿದ್ದವರನ್ನು, ಓದು ಬಾರದವರನ್ನೂ ಸೇರಿಸಿ ಕೇಳಬೇಕು.

ನಮ್ಮಲ್ಲಿ ಈ ಪರೀಕ್ಷೆ ಸ್ವಸಹಾಯ ಸಂಘದ ಸಭೆಯ ನಂತರ ನಡೆಯಿತು. ಆಗ ಏಳನೆಯ ಚೌಕದಲ್ಲಿ ರೇಖಾಚಿತ್ರ ಮಾತ್ರ ಇತ್ತು. ಒಬ್ಬರು ಅದನ್ನು ಚರಂಡಿ ಎಂದರು, ಇನ್ನೊಬ್ಬರು ವಿದ್ಯುತ್ ತಂತಿ ಎಂದರು. ನೆಲದೊಳಗಿನ ಪೈಪನ್ನು ಸೀಳಿ ತೋರಿಸುವ ಚಿತ್ರ ಎಂಜಿನಿಯರಿಂಗ್ ಓದಿದ ನನಗೆ ಸಹಜವಾಗಿತ್ತು. ಅದನ್ನು ಓದುವುದು ಕಲಿತು ಬರುವ ವಿದ್ಯೆ ಎಂಬುದನ್ನು ನಾನು ಮರೆತಿದ್ದೆ. ಅಗೆದ ಕಾಲುವೆಯಲ್ಲಿ ಮಲಗಿರುವ ನಿಜವಾದ ಪೈಪನ್ನು ಮೊದಲ 5 ಸೆಕೆಂಡು ತೋರಿಸಿ, ಬಳಿಕ ಅದೇ ಜಾಗದಲ್ಲಿ ರೇಖಾಚಿತ್ರ ಮೂಡುವಂತೆ ಬದಲಿಸಿದಾಗ ಎಲ್ಲರೂ ಸರಿಯಾಗಿ ಹೇಳಿದರು.

ಹತ್ತನೆಯ ಚೌಕವನ್ನು ಮೊಬೈಲ್ ಪರದೆಯ ಗಾತ್ರಕ್ಕೆ ಇಳಿಸಿ ಮುದ್ರಿಸಿ ನೋಡಬೇಕು. ಲಾಂಛನಗಳು, ಯೋಜನೆಯ ಹೆಸರು, ಘೋಷಣೆ ಎಲ್ಲವೂ ಅಲ್ಲಿ ಸೇರಿದರೆ ದೂರವಾಣಿ ಸಂಖ್ಯೆಯೇ ಕಾಣದಂತಾಗುತ್ತದೆ. ನಮ್ಮಲ್ಲಿ ಲಾಂಛನವನ್ನು ಮೇಲಿನ ಒಂದು ಪಟ್ಟಿಗೆ ಸೀಮಿತಗೊಳಿಸಿ, ಸಂಖ್ಯೆಯನ್ನು ದೊಡ್ಡದಾಗಿ ಬರೆಸಲಾಯಿತು.

ಯಾರನ್ನು ತಪ್ಪಿತಸ್ಥರನ್ನಾಗಿ ತೋರಿಸುತ್ತೇವೆ

ಸ್ಟೋರಿಬೋರ್ಡಿನಲ್ಲಿ ಅತ್ಯಂತ ಎಚ್ಚರ ಬೇಕಾದುದು ಈ ವಿಷಯದಲ್ಲಿ. ಕರಡಿನಲ್ಲಿ ನೀರು ಪೋಲು ಮಾಡುವವಳು ಗುಡಿಸಲಿನಂತಹ ಮನೆಯ ಮಹಿಳೆಯಾಗಿದ್ದಳು; ನೀರಿಗೆ ಕಾಯುವವರು ಹೆಂಚಿನ ಮನೆಯವರು. ನಮ್ಮ ಗ್ರಾಮದಲ್ಲಿ ವಾಸ್ತವ ಇದಕ್ಕೆ ವಿರುದ್ಧವಾಗಿದೆ. ಪೈಪ್‌ಲೈನಿನ ತಲೆಯಲ್ಲಿರುವುದು ಊರಿನ ನಡುಬೀದಿ. ಕೊನೆಯಲ್ಲಿ, ಎತ್ತರದಲ್ಲಿರುವುದು ಪರಿಶಿಷ್ಟ ಜಾತಿಯ ಕುಟುಂಬಗಳ ಕಾಲೋನಿ. ಕರಡು ಹಾಗೆಯೇ ಚಿತ್ರವಾಗಿದ್ದರೆ, ನೀರು ಸಿಗದವರನ್ನೇ ನೀರು ಪೋಲು ಮಾಡುವವರೆಂದು ನಾವು ಊರಿಗೆಲ್ಲ ತೋರಿಸಿದಂತಾಗುತ್ತಿತ್ತು. ಇದನ್ನು ಎತ್ತಿ ಹೇಳಿದವರು ಕಾಲೋನಿಯಿಂದ ಆಯ್ಕೆಯಾದ ಸದಸ್ಯೆ. ಮೂರನೆಯ ಚೌಕ ಅವರ ಮಾತಿನಿಂದ ಬದಲಾಯಿತು.

ಅವರೇ ಇನ್ನೊಂದು ಪ್ರಶ್ನೆಯನ್ನೂ ಕೇಳಿದರು. "ನಲ್ಲಿ ಇಲ್ಲ ಅಂತ ಬರೀತೀರಿ, ಸರಿ. ನೀರು ಯಾವಾಗ ಬರುತ್ತೆ ಅಂತ ಗೊತ್ತಿದ್ದರೆ ತಾನೇ ಸಾರ್, ಜನ ನಲ್ಲಿ ಮುಚ್ಚೋದು?" ಮಾತು ನಿಜ. ನಮ್ಮಲ್ಲಿ ನೀರು ಬಿಡುವ ವೇಳೆ ನಿಗದಿಯಾಗಿರಲಿಲ್ಲ. ವಿದ್ಯುತ್ ಬಂದಾಗ ಟ್ಯಾಂಕು ತುಂಬುತ್ತಿತ್ತು, ತುಂಬಿದಾಗ ನೀರು ಬಿಡಲಾಗುತ್ತಿತ್ತು. ಕೂಲಿಗೆ ಹೋಗುವವರು ಪೈಪಿನ ಬಾಯಿಯನ್ನು ತೆರೆದಿಟ್ಟು, ಕೆಳಗೆ ಪಾತ್ರೆಯಿಟ್ಟು ಹೋಗುತ್ತಿದ್ದರು. ಅವರ ಮಟ್ಟಿಗೆ ಅದು ಅಜಾಗರೂಕತೆಯಲ್ಲ, ನೀರು ತಪ್ಪದಿರಲು ಮಾಡಿಕೊಂಡ ಏರ್ಪಾಡು.

ಹೀಗಾಗಿ ಚಿತ್ರಕ್ಕಿಂತ ಮೊದಲು ಪಂಚಾಯಿತಿ ಮಾಡಬೇಕಾದ ಕೆಲಸವೊಂದು ಹೊರಬಿತ್ತು. ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಚರ್ಚಿಸಿ, ಎರಡು ಬೀದಿಗಳ ಗುಂಪಿಗೆ ಬೇರೆ ಬೇರೆ ದಿನ ಮತ್ತು ವೇಳೆಯನ್ನು ಗೊತ್ತುಮಾಡಿ, ಫಲಕ ಬರೆಸಲಾಯಿತು. ಆ ಫಲಕವೇ ಮೊದಲ ಚೌಕಕ್ಕೆ ಬಂದದ್ದು. ವೇಳೆ ಎರಡು ವಾರ ತಪ್ಪದೆ ನಡೆದ ಮೇಲೆಯೇ ಚಿತ್ರೀಕರಣಕ್ಕೆ ಒಪ್ಪಿಗೆ ಕೊಟ್ಟೆವು. ಹಾಗೆ ಮಾಡದೆ ಚಿತ್ರ ತೋರಿಸಿದ್ದರೆ ನಮ್ಮ ಹೊಣೆಯನ್ನು ಜನರ ತಲೆಗೆ ಕಟ್ಟಿದಂತಾಗುತ್ತಿತ್ತು.

ಚಿತ್ರದಲ್ಲಿ ಬಿಟ್ಟದ್ದು

ನೀರು ನಿಂತ ಮೇಲೆ ತೆರೆದ ಬಾಯಿಯ ಸುತ್ತಲಿನ ಕೊಳಕು ನೀರು ಪೈಪಿನೊಳಗೆ ಹಿಂದಕ್ಕೆ ಎಳೆದುಕೊಳ್ಳಬಹುದು. ಗುಂಡಿ ತೋಡಿ ಪೈಪನ್ನು ನೆಲಮಟ್ಟದ ಕೆಳಗೆ ಇಳಿಸಿದ ಮನೆಗಳಲ್ಲಿ ಈ ಅಪಾಯ ಹೆಚ್ಚು. ಇದು ಆರೋಗ್ಯದ ವಿಷಯ, ಗಂಭೀರವಾದುದೇ. ಆದರೂ ಇದನ್ನು ಈ ಚಿತ್ರಕ್ಕೆ ಸೇರಿಸಲಿಲ್ಲ. ಸೇರಿಸಿದ್ದರೆ ಏಳನೆಯ ಚೌಕ ಎರಡಾಗಿ, ಎಂಟನೆಯದು ಮತ್ತೆ 3 ಸೆಕೆಂಡಿಗೆ ಇಳಿಯುತ್ತಿತ್ತು. ಅದಕ್ಕೆ ಬೇರೆಯೇ ಒಂದು ಚಿತ್ರ ಬೇಕೆಂದು ಟಿಪ್ಪಣಿಯಲ್ಲಿ ದಾಖಲಿಸಲಾಗಿದೆ.

ಚಿತ್ರಕ್ಕೂ ಒಂದು ಮಿತಿಯಿದೆ. ಎತ್ತರದಲ್ಲಿರುವ ಮನೆಗೆ ಪೈಪಿನ ವ್ಯಾಸವೇ ಸಾಲದಿದ್ದರೆ ಅಥವಾ ಮುಖ್ಯ ಮಾರ್ಗದಲ್ಲಿಯೇ ಸೋರಿಕೆಯಿದ್ದರೆ, ಎಲ್ಲರೂ ನಲ್ಲಿ ಮುಚ್ಚಿದರೂ ಅಲ್ಲಿಗೆ ನೀರು ಏರುವುದಿಲ್ಲ. ಇದನ್ನು ತಿಳಿಯಲು ಒಂದು ದಿನ ಬೀದಿಯ ಎಲ್ಲ ಬಾಯಿಗಳನ್ನೂ ಮುಚ್ಚಿಸಿ, ಕೊನೆಯ ಮನೆಯಲ್ಲಿ ಕೊಡ ತುಂಬುವ ಸಮಯವನ್ನು ಅಳೆದು ನೋಡಬೇಕು. ಸಮಯದಲ್ಲಿ ಬದಲಾವಣೆ ಕಾಣದಿದ್ದರೆ ಬೇಕಾಗಿರುವುದು ಜಾಗೃತಿ ಚಿತ್ರವಲ್ಲ, ದುರಸ್ತಿ ಕಾಮಗಾರಿ. ನಾವು ಒಂಬತ್ತನೆಯ ಚೌಕವನ್ನು ಒಪ್ಪುವ ಮೊದಲು ಈ ಪರೀಕ್ಷೆ ಮಾಡಿದೆವು. ಧಾರೆ ದಪ್ಪವಾಯಿತು. ಆದುದರಿಂದಲೇ ಅದನ್ನು ಚಿತ್ರದಲ್ಲಿ ತೋರಿಸುವ ಹಕ್ಕು ನಮಗಿತ್ತು.

ಸಹಿ ಮಾಡುವ ಮೊದಲು

ಒಪ್ಪಿಗೆಯಾದ ಸ್ಟೋರಿಬೋರ್ಡಿನ ಪ್ರತಿ ಪುಟಕ್ಕೂ ಸಹಿ ಮಾಡಿ, ದಿನಾಂಕ ಹಾಕಿ, ಒಂದು ಪ್ರತಿಯನ್ನು ಪಂಚಾಯಿತಿಯ ಕಡತದಲ್ಲಿ ಇಟ್ಟುಕೊಳ್ಳಬೇಕು. ಚಿತ್ರ ಸಿದ್ಧವಾದಾಗ ಚೌಕಗಳನ್ನು ಮುಂದಿಟ್ಟುಕೊಂಡು ಹೋಲಿಸಿ ನೋಡಬಹುದು. ಯಾರದೇ ಮನೆಯಲ್ಲಿ ಚಿತ್ರೀಕರಿಸುವುದಿದ್ದರೆ ಆ ಮನೆಯವರಿಗೆ ಚೌಕಗಳನ್ನು ತೋರಿಸಿ, ತಮ್ಮನ್ನು ಯಾವ ರೀತಿಯಲ್ಲಿ ತೋರಿಸಲಾಗುತ್ತದೆ ಎಂಬುದು ಅವರಿಗೆ ತಿಳಿದ ಮೇಲೆಯೇ ಲಿಖಿತ ಒಪ್ಪಿಗೆ ಪಡೆಯಬೇಕು.

ಕೊನೆಯದಾಗಿ ಹತ್ತನೆಯ ಚೌಕದ ಸಂಖ್ಯೆಗೆ ಕರೆ ಮಾಡಿ ನೋಡಬೇಕು. ಯಾರು ಎತ್ತುತ್ತಾರೆ, ನಲ್ಲಿ ಬೇಕೆಂದು ಕೇಳಿದವರಿಗೆ ಏನು ಹೇಳುತ್ತಾರೆ ಎಂಬುದು ಆ ದಿನವೇ ತೀರ್ಮಾನವಾಗಿರಬೇಕು. ನಮ್ಮಲ್ಲಿ ಮೊದಲ ಬಾರಿ ಕರೆ ಮಾಡಿದಾಗ ಯಾರೂ ಎತ್ತಲಿಲ್ಲ. ಅದು ನನ್ನದೇ ಕಚೇರಿಯ ಸಂಖ್ಯೆಯಾಗಿತ್ತು. ಈಗ ಆ ದೂರವಾಣಿಗೆ ಒಬ್ಬರನ್ನು ಹೊಣೆ ಮಾಡಲಾಗಿದೆ, ಬಂದ ಕರೆಗಳನ್ನು ಬರೆದಿಡಲು ಪಕ್ಕದಲ್ಲಿಯೇ ಒಂದು ವಹಿಯಿದೆ.